ಅಂಕ ಬೇಡ, ಪಾಠ ಬೇಕು: ತರಗತಿಯಲ್ಲಿ ಕೂರಲು ಪ್ರಾಧ್ಯಾಪಕರ ಅನುಮತಿ ಕೇಳುವ ಬಗೆ

"ಮೇಡಂ, ನಿಮ್ಮ ಕ್ಲಾಸಿಗೆ ಸುಮ್ನೆ ಬಂದು ಕೂರಬಹುದಾ?"

ಕಾರವಾರದ ಒಂದು ಸ್ನಾತಕೋತ್ತರ ವಿಭಾಗದ ಜಗಲಿಯಲ್ಲಿ ನಾನು ಮೊದಲ ಸಲ ಕೇಳಿದ್ದು ಹೀಗೆ. ಮೇಡಂ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೊರಟಿದ್ದರು. ನಿಂತು ನನ್ನ ಮುಖ ನೋಡಿದರು. "ನೋಡೋಣ" ಅಂದು ಒಳಗೆ ಹೋದರು. "ನೋಡೋಣ" ಅಂದರೆ ಏನು ಅಂತ ನಮಗೆಲ್ಲ ಗೊತ್ತು ಅಲ್ವಾ.

ಹತ್ತು ದಿನ ಬಿಟ್ಟು ಅದೇ ಮೇಡಂ ಕೈಗೆ ಒಂದು ಪುಟದ ಪತ್ರ ಕೊಟ್ಟೆ. ಐದು ನಿಮಿಷ ಓದಿ, ಎರಡು ಪ್ರಶ್ನೆ ಕೇಳಿ, ಒಪ್ಪಿದರು. ಮೊದಲ ಸಲ ಅವರು ಮನಸ್ಸಿಲ್ಲದೆ ತಳ್ಳಿ ಹಾಕಿದ್ದಲ್ಲ. ನಾನು ಎಷ್ಟು ದಿನ ಬರುತ್ತೇನೆ, ಮನೆಗೆಲಸ ಕೊಟ್ಟರೆ ಮಾಡುತ್ತೇನಾ, ಕೊನೆಗೆ ಸರ್ಟಿಫಿಕೇಟ್ ಕೇಳುತ್ತೇನಾ, ಯಾವುದನ್ನೂ ಹೇಳಿರಲಿಲ್ಲ. ಏನಕ್ಕೆ ಒಪ್ಪಬೇಕು ಅನ್ನೋದೇ ಗೊತ್ತಿಲ್ಲದೆ ಯಾರಾದರೂ ಹೇಗೆ ಒಪ್ಪುತ್ತಾರೆ? ಆ ಒಂದು ಪುಟದಲ್ಲಿ ಏನಿತ್ತು, ಅದನ್ನು ಹೇಗೆ ಬರೆಯಬೇಕು ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು, ಇದು ಏನು, ಏನಲ್ಲ

ಕ್ರೆಡಿಟ್ ಇಲ್ಲದೆ ತರಗತಿಯಲ್ಲಿ ಕೂತು ಕಲಿಯುವುದಕ್ಕೆ ಕೋರ್ಸ್ ಆಡಿಟ್ ಮಾಡುವುದು ಅನ್ನುತ್ತಾರೆ. ಐಐಟಿಯಂಥ ಕಡೆ ಅಲ್ಲಿನ ವಿದ್ಯಾರ್ಥಿಗಳು ಒಂದು ವಿಷಯವನ್ನು ಆಡಿಟ್ ಎಂದೇ ನೋಂದಾಯಿಸಬಹುದು. ನಮ್ಮ ಕಡೆಯ ಪದವಿ ಕಾಲೇಜು, ಸಣ್ಣ ಪಿಜಿ ವಿಭಾಗಗಳಲ್ಲಿ ಹೊರಗಿನವರಿಗೆ ಅಂತ ಅಂಥ ಅರ್ಜಿ ನಮೂನೆ ಇರುವುದು ಅಪರೂಪ. ಇಲ್ಲಿ ನಡೆಯುವುದು ಪ್ರಾಧ್ಯಾಪಕರ ಒಪ್ಪಿಗೆ ಮತ್ತು ವಿಭಾಗದ ಮುಖ್ಯಸ್ಥರ ಅಥವಾ ಪ್ರಾಂಶುಪಾಲರ ಒಂದು ಸಹಿಯ ಮೇಲೆ.

ಹಾಗಾಗಿ ಅಂಕಪಟ್ಟಿ ಬರುವುದಿಲ್ಲ. ಮುಂದೆ ಯಾವತ್ತೋ ಅದೇ ಕೋರ್ಸಿಗೆ ಸೇರಿದರೆ "ನಾನು ಆಗಲೇ ಕೂತಿದ್ದೆ" ಅಂತ ವಿನಾಯಿತಿ ಕೇಳಲು ಆಗುವುದಿಲ್ಲ. ಸರ್ಟಿಫಿಕೇಟ್ ಬೇಕೇ ಬೇಕು ಅನ್ನುವವರಿಗೆ ಈ ದಾರಿ ಅಲ್ಲ. ಅವರು ಕೇಂದ್ರ ಸರ್ಕಾರದ "ಸ್ವಯಂ" ಅನ್ನುವ ಆನ್‌ಲೈನ್ ಪಾಠದ ಪೋರ್ಟಲಿನಲ್ಲಿ ವಿಷಯ ಹುಡುಕಲಿ. ಅಲ್ಲಿ ಪಾಠ ಉಚಿತ, ಸರ್ಟಿಫಿಕೇಟಿಗೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು.

ಇನ್ನೊಂದು ಮಾತು. ಕಚೇರಿಗೆ ಮೊದಲು ಹೋಗಬೇಡಿ. ಅಲ್ಲಿ "ಆಡಿಟ್" ಅಂದರೆ ಲೆಕ್ಕ ತಪಾಸಣೆ. ನನ್ನನ್ನು ಒಬ್ಬರು ನೇರ ಲೆಕ್ಕಪತ್ರದ ಟೇಬಲ್ಲಿಗೇ ಕಳಿಸಿದ್ದರು. ವಿಷಯ ಬಿಡಿಸಿ ಹೇಳಿದ ಮೇಲೂ "ಚಲನ್ ಯಾವುದು, ಅಡ್ಮಿಷನ್ ನಂಬರ್ ಎಷ್ಟು" ಅಂತ ಕೇಳಿದರು. ಅವರ ಹತ್ತಿರ ಇದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ್ದಕ್ಕೆ ಕಚೇರಿಯಲ್ಲಿ ಸಿಗುವ ಉತ್ತರ "ಆಗೋದಿಲ್ಲ" ಅಂತಲೇ. ಮೊದಲು ಪಾಠ ಮಾಡುವವರ ಹತ್ತಿರ ಹೋಗಿ. "ಕ್ರೆಡಿಟ್ ಇಲ್ಲದೆ ಪಾಠ ಕೇಳಲು ಅನುಮತಿ" ಅಂತ ಸರಳವಾಗಿ ಹೇಳಿ. ಯಾರ ಸಹಿ ಬೇಕು ಅಂತ ಅವರೇ ತಿಳಿಸುತ್ತಾರೆ.

ಕೇಳದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರೆ ಆಗದಾ ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ದೊಡ್ಡ ಊರಿನ ನೂರೈವತ್ತು ಜನರ ಹಾಲಿನಲ್ಲಿ ಅದು ನಡೆಯಬಹುದೋ ಏನೋ. ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗ, ಶಿರಸಿಯ ಅರಣ್ಯ ಕಾಲೇಜು, ಇಂಥ ಕಡೆಯ ಎಂ.ಎಸ್ಸಿ. ತರಗತಿ ಸಣ್ಣದು. ಹೊಸ ಮುಖ ಬಂದರೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಕೇಳಲೇಬೇಕು.

ಕೇಳುವ ಮೊದಲು ಮಾಡಿಕೊಳ್ಳುವ ಲೆಕ್ಕ

ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಪಠ್ಯಕ್ರಮ ಸಿಗುತ್ತದೆ. ನಿಮಗೆ ಬೇಕಾದ ಪತ್ರಿಕೆಯ ಘಟಕಗಳನ್ನು ಓದಿ. ಪೂರ್ತಿ ಬೇಕಾ, ಎರಡು ಘಟಕ ಸಾಕಾ ಅಂತ ನೋಡಿಕೊಳ್ಳಿ. ಆಮೇಲೆ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಹಾಕಿದ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳಿ. ಈ ಎರಡು ಕೈಯಲ್ಲಿಲ್ಲದೆ ಯಾರ ಹತ್ತಿರವೂ ಹೋಗಬೇಡಿ.

ನನ್ನ ಲೆಕ್ಕ ಹೀಗಿತ್ತು. ನಾನು ಅಂಕೋಲಾದಲ್ಲಿ ಇರುವುದು. ಸಂಜೆ ನಾಲ್ಕೂವರೆಯಿಂದ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತೇನೆ. ನನಗೆ ಬೇಕಿದ್ದದ್ದು ಅಳಿವೆಯ ಪರಿಸರದ ಬಗ್ಗೆ ಇರುವ ಒಂದು ಪತ್ರಿಕೆ. ನದಿ ನೀರು, ಕಡಲ ನೀರು ಕೂಡುವ ಜಾಗದ ಜೀವಿಗಳು, ಅಲ್ಲಿನ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಇಂಥದ್ದು. ವಾರಕ್ಕೆ ನಾಲ್ಕು ಪಿರಿಯಡ್. ಸೋಮವಾರ, ಮಂಗಳವಾರ, ಗುರುವಾರ ಬೆಳಿಗ್ಗೆ ಮೂರು, ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಒಂದು. ಪ್ರಾಯೋಗಿಕ ತರಗತಿ ಬುಧವಾರ ಎರಡರಿಂದ ಐದು. ಸೆಮಿಸ್ಟರ್ 16 ವಾರ ಅಂತ ಹಿಡಿದರೆ ಒಟ್ಟು 64 ಪಿರಿಯಡ್.

ಶುಕ್ರವಾರದ್ದು ಮುಗಿಸಿ ಬಸ್ ಹಿಡಿದು ಸುಮಾರು 35 ಕಿಲೋಮೀಟರ್ ಬರುವಷ್ಟರಲ್ಲಿ ಟ್ಯೂಷನ್ ಹೊತ್ತು ಮೀರುತ್ತದೆ. ಬುಧವಾರದ್ದೂ ಆಗುವುದಿಲ್ಲ. ಅಂದರೆ 64ರಲ್ಲಿ ನನ್ನ ಕೈಯಲ್ಲಿರುವುದು 48. ಮಳೆಗಾಲದಲ್ಲಿ ಹೆದ್ದಾರಿಯಲ್ಲಿ ಮಣ್ಣು ಜಾರಿ ಬಸ್ ನಿಂತ ದಿನ, ಮನೆಯ ಕಾರ್ಯ, ಮಗುವಿನ ಜ್ವರ ಅಂತ ಆರು ಕಳೆದರೆ 42. ಈ 42 ನಿಜವಾದ ಸಂಖ್ಯೆ. ಈ ಲೆಕ್ಕ ಹಿಡಿದೇ ನಾನು ಪತ್ರ ಬರೆದದ್ದು.

ನೀವು ಅದೇ ಕಾಲೇಜಿನಲ್ಲಿ ಬೇರೆ ವಿಭಾಗದ ವಿದ್ಯಾರ್ಥಿಯಾಗಿದ್ದರೆ ನಿಮ್ಮ ಸ್ವಂತ ವೇಳಾಪಟ್ಟಿಯನ್ನೂ ಜೊತೆಗೆ ಲಗತ್ತಿಸಿ. ಪ್ರಾಧ್ಯಾಪಕರ ಮೊದಲ ಪ್ರಶ್ನೆಯೇ "ನಿನ್ನ ಕ್ಲಾಸ್ ಯಾವಾಗ?" ಅಂತ ಇರುತ್ತದೆ. ಸಾಮಾನ್ಯವಾಗಿ ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ತಮ್ಮ ತರಗತಿಗೆ ಬಂದು ನಿಮ್ಮ ವಿಭಾಗದಲ್ಲಿ ನಿಮಗೆ ಹಾಜರಿ ಕಡಿಮೆಯಾದರೆ ಆ ಮಾತು ತಮ್ಮ ಮೇಲೆ ಬರುತ್ತದೆ ಅನ್ನುವ ಹೆದರಿಕೆ ಅವರಿಗೆ ಇರುತ್ತದೆ. ಎರಡು ವೇಳಾಪಟ್ಟಿ ಪಕ್ಕಪಕ್ಕ ಇಟ್ಟು, ಎಲ್ಲೂ ಡಿಕ್ಕಿ ಇಲ್ಲ ಅಂತ ತೋರಿಸಿದರೆ ಆ ಮಾತು ಅಲ್ಲಿಗೆ ಮುಗಿಯಿತು.

ಯಾವಾಗ ಕೇಳಬೇಕು? ಸೆಮಿಸ್ಟರ್ ಶುರುವಾಗುವ ಹಿಂದಿನ ವಾರ, ಇಲ್ಲವೇ ಮೊದಲ ವಾರ. ಮೂರನೇ ವಾರದ ಹೊತ್ತಿಗೆ ಮೊದಲ ಘಟಕ ಅರ್ಧ ಮುಗಿದಿರುತ್ತದೆ. ಆಗ ಸೇರಿದವರಿಗಾಗಿ ಅವರು ಹಿಂದೆ ಹೋಗಿ ಪಾಠ ಮಾಡಲಾರರು.

ಪತ್ರ

ನನ್ನ ಪತ್ರ ಹೆಚ್ಚುಕಡಿಮೆ ಹೀಗಿತ್ತು. ನಿಮ್ಮ ವಿವರ ಹಾಕಿ ಬಳಸಿಕೊಳ್ಳಿ.

"ಮಾನ್ಯ ಮೇಡಂ ಅವರಿಗೆ ನಮಸ್ಕಾರ.

ನಾನು ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದ್ದೇನೆ. ಅಂಕೋಲಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ತಾವು ಮಾಡುವ ಅಳಿವೆ ಪರಿಸರದ ಪಾಠವನ್ನು ಕ್ರೆಡಿಟ್ ಇಲ್ಲದೆ ಕೇಳಲು ಅನುಮತಿ ಕೋರುತ್ತೇನೆ. ಪಠ್ಯಕ್ರಮದ ಎರಡನೇ ಮತ್ತು ಮೂರನೇ ಘಟಕ ನನಗೆ ಮುಖ್ಯವಾಗಿ ಬೇಕು.

ಸೋಮವಾರ, ಮಂಗಳವಾರ, ಗುರುವಾರದ ಪಿರಿಯಡ್‌ಗಳಿಗೆ ಬರುತ್ತೇನೆ. ಶುಕ್ರವಾರದ ಪಿರಿಯಡ್‌ಗೂ ಬುಧವಾರದ ಪ್ರಾಯೋಗಿಕ ತರಗತಿಗೂ ಬರಲು ಆಗುವುದಿಲ್ಲ. ಮಳೆ ಮತ್ತು ಮನೆಯ ಕಾರಣಕ್ಕೆ ಐದಾರು ದಿನ ತಪ್ಪಬಹುದು. ತಪ್ಪಿದ ಪಾಠವನ್ನು ನಾನೇ ಓದಿಕೊಳ್ಳುತ್ತೇನೆ.

ಅಸೈನ್‌ಮೆಂಟ್‌ಗಳನ್ನು ಎಲ್ಲರ ಜೊತೆ, ಅದೇ ದಿನಾಂಕದೊಳಗೆ, ನನ್ನ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ತಾವು ತಿದ್ದಬೇಕಿಲ್ಲ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಪರೀಕ್ಷೆ ಮುಗಿದ ಮೇಲೆ ಸಿಕ್ಕರೆ ಮನೆಯಲ್ಲಿ ಬರೆದುಕೊಳ್ಳುತ್ತೇನೆ.

ಹಾಜರಿ, ಅಂಕ, ಪ್ರಮಾಣಪತ್ರ ಯಾವುದನ್ನೂ ಈಗಾಗಲೀ ಮುಂದಾಗಲೀ ಕೇಳುವುದಿಲ್ಲ. ಕೂರಲು ಜಾಗ ಸಾಲದ ದಿನ, ಅಥವಾ ತಮಗೆ ತೊಂದರೆ ಅನಿಸಿದ ದಿನ ಹೇಳಿದರೆ ನಿಲ್ಲಿಸುತ್ತೇನೆ."

ಕೆಳಗೆ ಹೆಸರು, ಊರು, ಫೋನ್ ನಂಬರ್. ಬಿ.ಎಸ್ಸಿ. ಅಂಕಪಟ್ಟಿಯ ಜೆರಾಕ್ಸ್ ಒಂದು. ಆಸಕ್ತಿಯ ಬಗ್ಗೆ ದೊಡ್ಡ ಮಾತು ಒಂದೂ ಇಲ್ಲ, ನೋಡಿ. ಎರಡನೇ ಮತ್ತು ಮೂರನೇ ಘಟಕ ಅಂತ ಬರೆದಿದ್ದರಿಂದಲೇ ನಾನು ಓದಿ ಬಂದಿದ್ದೇನೆ ಅಂತ ಅವರಿಗೆ ತಿಳಿಯಿತು.

ಮೇಡಂ ಆ ಪತ್ರದ ಮೇಲೆಯೇ ಮುಖ್ಯಸ್ಥರಿಗೆ ಒಂದು ಸಾಲು ಬರೆದರು. ಮುಖ್ಯಸ್ಥರು ಸಹಿ ಮಾಡಿ ಸೀಲ್ ಹಾಕಿದರು. ಒಂದು ಪ್ರತಿ ಅವರ ಫೈಲಿಗೆ, ಒಂದು ಪ್ರತಿ ನನ್ನ ಚೀಲಕ್ಕೆ. ಗೇಟಿನಲ್ಲಿ ಕೇಳಿದರೆ ತೋರಿಸಲು ಅದೊಂದೇ ಇರುವುದು. ಆ ಪ್ರತಿ ಕೇಳಿ ಪಡೆದುಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ.

ಹಾಜರಿಯ ಮಾತು

"ದಿನಾ ಬರುತ್ತೇನೆ ಮೇಡಂ" ಅಂತ ಹೇಳುವ ಆಸೆ ಎಲ್ಲರಿಗೂ ಇರುತ್ತದೆ. ಹೇಳಬೇಡಿ. ಹೀಗೆ ಬಂದವರು ಎರಡು ವಾರಕ್ಕೆ ಕಾಣೆಯಾಗುವುದನ್ನು ಅವರು ನೋಡಿರುತ್ತಾರೆ. ವಾರಕ್ಕೆ ಮೂರು ದಿನ ಅಂತ ಹೇಳಿ ಮೂರು ದಿನ ಬಂದರೆ ನಂಬಿಕೆ ಬರುತ್ತದೆ. ನಾಲ್ಕು ಅಂತ ಹೇಳಿ ಅದೇ ಮೂರು ದಿನ ಬಂದರೆ ತಪ್ಪಿಸಿದವರು ಅನಿಸಿಕೊಳ್ಳುತ್ತೀರಿ.

ಬರುವ ದಿನ ಯಾವುದು ಅಂತ ಹೇಳುವುದರ ಜೊತೆಗೆ ಬಾರದ ದಿನ ಯಾವುದು ಅಂತಲೂ ಹೇಳಿ. ಪ್ರಾಧ್ಯಾಪಕರಿಗೆ ಅದು ಯಾಕೆ ಬೇಕು ಅಂದರೆ, ಅವರು ಪಾಠವನ್ನು ಒಂದರ ಮೇಲೊಂದು ಕಟ್ಟಿಕೊಂಡು ಹೋಗುತ್ತಾರೆ. ಶುಕ್ರವಾರ ಹೇಳಿದ್ದನ್ನು ಸೋಮವಾರ ನೀವು ಕೇಳಿದರೆ ತರಗತಿ ಅಲ್ಲೇ ನಿಲ್ಲುತ್ತದೆ. ನನ್ನ ಹತ್ತಿರ ಮೇಡಂ ಕೇಳಿದ ಮೊದಲ ಪ್ರಶ್ನೆಯೂ ಇದೇ. "ಶುಕ್ರವಾರದ್ದು ತಪ್ಪುತ್ತಲ್ಲ, ಹೇಗೆ ಮಾಡ್ತೀರಿ?" ನಾನು ಅಂದೆ, "ಸೋಮವಾರ ಹದಿನೈದು ನಿಮಿಷ ಮೊದಲು ಬಂದು ಯಾರದಾದರೂ ನೋಟ್ಸ್ ನೋಡಿಕೊಳ್ಳುತ್ತೇನೆ. ತಿಳಿಯದಿದ್ದದ್ದನ್ನು ತರಗತಿಯಲ್ಲಿ ಕೇಳುವುದಿಲ್ಲ, ಬರೆದಿಟ್ಟುಕೊಳ್ಳುತ್ತೇನೆ." ಅವರು ತಲೆಯಾಡಿಸಿದರು. ಮುಂದೆ ನಡೆದದ್ದೂ ಹಾಗೆಯೇ. ಮೂರನೇ ಬೆಂಚಿನ ಒಬ್ಬ ಹುಡುಗಿ ತನ್ನ ನೋಟ್ಸ್ ಕೊಡುತ್ತಿದ್ದಳು. ಕಾಂಡ್ಲಾದ ಬೇರಿನ ಚಿತ್ರವನ್ನು ಅವಳು ನೀಲಿ ಪೆನ್ನಿನಲ್ಲಿ, ನೀರಿನ ಮಟ್ಟವನ್ನು ಕೆಂಪು ಗೆರೆಯಲ್ಲಿ ಬರೆಯುತ್ತಿದ್ದಳು. ಆ ಕೆಂಪು ಗೆರೆಯಿಂದಲೇ ನನಗೆ ಶುಕ್ರವಾರದ ಪಾಠ ಹಿಡಿಯಲು ಆಗುತ್ತಿತ್ತು.

ಹಾಜರಿ ಕರೆಯುವಾಗ ನಿಮ್ಮ ಹೆಸರು ಬರುವುದಿಲ್ಲ. ಪುಸ್ತಕದ ಕೊನೆಯಲ್ಲಿ ಪೆನ್ಸಿಲ್ಲಿನಲ್ಲಿ ಸೇರಿಸಿ ಅಂತಲೂ ಕೇಳಬೇಡಿ. ಆ ಪುಸ್ತಕ ದಾಖಲೆ. ನೋಂದಣಿ ಇಲ್ಲದ ಹೆಸರು ಅದರಲ್ಲಿದ್ದರೆ ಉತ್ತರ ಕೊಡಬೇಕಾದವರು ಅವರು. ನಿಮ್ಮ ಲೆಕ್ಕ ನಿಮ್ಮ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿರಲಿ. ನನ್ನದು ಕೊನೆಗೆ 39ಕ್ಕೆ ನಿಂತಿತು, 42 ಆಗಲಿಲ್ಲ. ಜಿಲ್ಲಾಡಳಿತ ಮಳೆಗೆ ರಜೆ ಕೊಟ್ಟ ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೀವು ಹಿಡಿದುಕೊಳ್ಳಿ.

ಬಾರದ ದಿನ ತಿಳಿಸಬೇಕಾ? ಒಂದು ದಿನಕ್ಕೆ ಬೇಡ. ಒಂದು ವಾರ ತಪ್ಪುವುದಾದರೆ ಒಂದೇ ಸಾಲಿನ ಸಂದೇಶ ಕಳಿಸಿ. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ನೀವಾಗಿ ಸೇರಬೇಡಿ. ಅಲ್ಲಿ ಆಂತರಿಕ ಅಂಕ, ಶುಲ್ಕ, ಹಾಜರಿ ಕೊರತೆಯ ಮಾತು ನಡೆಯುತ್ತಿರುತ್ತದೆ. ತರಗತಿಯ ಸಮಯ ಬದಲಾದರೆ ತಿಳಿಸಲು ಒಬ್ಬರಿಗೆ ಹೇಳಿಟ್ಟರೆ ಸಾಕು.

ಅಸೈನ್‌ಮೆಂಟ್: ಬರೆಯಿರಿ, ರಾಶಿಗೆ ಹಾಕಬೇಡಿ

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಪತ್ರದಲ್ಲಿ "ತಿದ್ದಬೇಕಿಲ್ಲ" ಅಂತ ನಾನೇ ಬರೆದಿದ್ದೆ. ಆದರೆ ಮೊದಲ ಅಸೈನ್‌ಮೆಂಟ್ ಚೆನ್ನಾಗಿ ಬಂದಿತ್ತು. ಎಲ್ಲರೂ ಮೇಜಿನ ಮೇಲೆ ಇಡುವಾಗ ನನ್ನದನ್ನೂ ಇಟ್ಟೆ. ಮೇಡಂ ಅದನ್ನೂ ಪೂರ್ತಿ ಓದಿ, ತಿದ್ದಿ, ಅಂಕ ಹಾಕಿದರು. ಆಮೇಲೆ ಪಟ್ಟಿಗೆ ಏರಿಸುವಾಗ ಲೆಕ್ಕ ತಾಳೆ ಆಗಲಿಲ್ಲ. ತರಗತಿಯಲ್ಲಿ 14 ಜನ, ತಿದ್ದಿದ್ದು 14, ಆದರೆ ಒಬ್ಬ ಹುಡುಗನ ಅಂಕ ಇಲ್ಲ. ಅವನು ಕೊಟ್ಟೇ ಇರಲಿಲ್ಲ. ನನ್ನದು ಸೇರಿ 14 ಆಗಿದ್ದರಿಂದ ಎಲ್ಲ ಬಂದಿದೆ ಅಂತ ಅವರು ತಿಳಿದಿದ್ದರು. ಆ ಹುಡುಗನಿಗೆ ಹೇಳುವುದು ಒಂದು ವಾರ ತಡವಾಯಿತು. ಮೇಡಂ ನನಗೆ ಬೈಯಲಿಲ್ಲ. "ನಿಮ್ಮದು ಬೇರೆ ಇಟ್ಟುಕೊಳ್ಳಿ" ಅಂದರು, ಅಷ್ಟೇ. ನನಗೆ ಮಾತ್ರ ಬಹಳ ಬೇಜಾರಾಯಿತು.

ಹಾಗಂತ ಅಸೈನ್‌ಮೆಂಟ್ ಬಿಟ್ಟುಬಿಡಬೇಡಿ. ಬರೆಯದೆ ಬರೀ ಕೇಳಿದ ಪಾಠ ನನಗೆ ಎಂಟು ದಿನ ನಿಲ್ಲಲಿಲ್ಲ. ಅನುಮತಿ ಕೇಳುವಾಗಲೇ ಇದನ್ನು ಮೂರು ಭಾಗ ಮಾಡಿ ಹೇಳಿ. ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ, ಅವರಿಂದ ಏನು ಬಯಸುತ್ತೀರಿ. ನಾನು ಬರೆಯುವ ಅಸೈನ್‌ಮೆಂಟ್ ಎರಡೂ ಮಾಡುತ್ತೇನೆ ಅಂದೆ. ಗುಂಪಿನ ಕೆಲಸಕ್ಕೆ ಸೇರುವುದಿಲ್ಲ ಅಂದೆ, ಯಾಕಂದರೆ ನಾನು ಒಂದು ದಿನ ತಪ್ಪಿಸಿದರೆ ಅಂಕ ಕಳೆದುಕೊಳ್ಳುವವರು ಆ ಮಕ್ಕಳು. ಸೆಮಿನಾರ್ ನಾನಾಗಿ ಕೇಳುವುದಿಲ್ಲ, ಹೇಳಿದರೆ ಮಾಡುತ್ತೇನೆ ಅಂದೆ. ಅದಕ್ಕೆ ಸಿಗುವ ಹೊತ್ತು ಅಂಕ ಬೇಕಾದವರಿಗೆ ಸೇರಿದ್ದು.

ತಿದ್ದುವುದಿಲ್ಲ ಅಂದರೆ ಸರಿ ತಪ್ಪು ತಿಳಿಯುವುದು ಹೇಗೆ? ಉಳಿದವರ ಉತ್ತರ ವಾಪಸ್ ಕೊಡುವಾಗ ಪ್ರಾಧ್ಯಾಪಕರು ಸಾಮಾನ್ಯ ತಪ್ಪುಗಳನ್ನು ತರಗತಿಯಲ್ಲೇ ಹೇಳುತ್ತಾರೆ. ಆ ದಿನ ತಪ್ಪಿಸಬೇಡಿ. ನಿಮ್ಮ ಬರಹ ಮುಂದಿಟ್ಟುಕೊಂಡು ಕೇಳಿ. ಆಮೇಲೂ ಉಳಿದದ್ದು ಇದ್ದರೆ ಒಂದೇ ಒಂದು ಪ್ಯಾರಾ ತೆಗೆದುಕೊಂಡು ಹೋಗಿ. ಕಾಂಡ್ಲಾ ಕಾಡಿನ ಕೆಸರಿನಲ್ಲಿ ಗಾಳಿ ಇರುವುದಿಲ್ಲ, ಅದಕ್ಕೆ ಕೆಲವು ಗಿಡಗಳ ಬೇರು ಕಡ್ಡಿ ಚುಚ್ಚಿದ ಹಾಗೆ ಮೇಲಕ್ಕೆ ಬಂದು ಉಸಿರಾಡುತ್ತದೆ ಅಂತ ನಾನು ಬರೆದಿದ್ದೆ. ಎಲ್ಲ ಕಾಂಡ್ಲಾಗಳಿಗೂ ಇದೇ ಬೇರು ಅಂತಲೂ ಸೇರಿಸಿದ್ದೆ. "ಈ ಕೊನೆಯ ಸಾಲು ಸರಿಯಾ ಮೇಡಂ?" ಅಂತ ಅಷ್ಟನ್ನೇ ಕೇಳಿದೆ. ಕೆಲವಕ್ಕೆ ಕಾಂಡದಿಂದ ಊರುಗೋಲಿನ ಹಾಗೆ ಬೇರು ಇಳಿಯುತ್ತದೆ, ಅವು ಬೇರೆ ಜಾತಿ ಅಂತ ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದರು. ನಾಲ್ಕು ಪುಟ ಕೊಟ್ಟು "ನೋಡಿ ಹೇಳಿ" ಅಂದಿದ್ದರೆ ಅದು ಮೇಜಿನ ಮೇಲೇ ಇರುತ್ತಿತ್ತು.

ಪ್ರಯೋಗಾಲಯ, ಕಡಲ ದಂಡೆ

ಇದರ ಅನುಮತಿ ಬೇರೆಯೇ. ಪಾಠಕ್ಕೆ ಒಪ್ಪಿದ್ದಾರೆ ಅಂತ ಪ್ರಯೋಗಾಲಯಕ್ಕೆ ಹೋಗಬೇಡಿ. ಅಲ್ಲಿ ಸೂಕ್ಷ್ಮದರ್ಶಕ ಎಣಿಸಿದಷ್ಟೇ ಇರುತ್ತವೆ, ರಾಸಾಯನಿಕ ಇರುತ್ತದೆ.

ದಂಡೆಯ ಕೆಲಸ ಇನ್ನೂ ಸೂಕ್ಷ್ಮ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಕೆಳಗೆ ಇಳಿಯುತ್ತದೆ. ಬಂಡೆಗೆ ಅಂಟಿದ ಜೀವಿಗಳನ್ನು ನೋಡಲು ಆ ಇಳಿತದ ಹೊತ್ತಿಗೇ ಹೋಗಬೇಕು. ಅದು ವೇಳಾಪಟ್ಟಿಯಲ್ಲಿ ಇರುವುದಿಲ್ಲ, ಪಂಚಾಂಗ ನೋಡಿ ಬೆಳಿಗ್ಗೆ ಆರಕ್ಕೆ ಅಂತಲೂ ಇಡುತ್ತಾರೆ. ನೋಂದಣಿ ಇಲ್ಲದವರು ಕೆಸರಿನಲ್ಲಿ ಜಾರಿ ಬಿದ್ದರೆ ಹೊಣೆ ಯಾರದು ಅನ್ನುವ ಪ್ರಶ್ನೆ ಮುಖ್ಯಸ್ಥರಿಗೆ ಬರುತ್ತದೆ. ಬರಬೇಕಾದದ್ದೇ. ನಾನು ಮೊದಲ ಪತ್ರದಲ್ಲಿ ಇದನ್ನು ಕೇಳಲಿಲ್ಲ. ಎರಡು ತಿಂಗಳು ತಪ್ಪದೆ ಬಂದ ಮೇಲೆ, ನನ್ನ ಸ್ವಂತ ಹೊಣೆಯಲ್ಲಿ, ನನ್ನದೇ ಖರ್ಚಿನಲ್ಲಿ ಬರುತ್ತೇನೆ ಅಂತ ಬೇರೆ ಪತ್ರ ಕೊಟ್ಟೆ. ಎರಡು ಸಲ ಕರೆದುಕೊಂಡು ಹೋದರು, ಒಂದು ಸಲ ದೋಣಿ ಇದೆ ಅಂತ ಬೇಡ ಅಂದರು.

ಉತ್ತರ ಬಂದ ಮೇಲೆ

"ನೋಡೋಣ" ಅಂದರೆ ಒಂದು ವಾರ ಬಿಟ್ಟು ಒಮ್ಮೆ ಕೇಳಿ, ಮತ್ತೆ ಕೇಳಬೇಡಿ. "ಆಗೋದಿಲ್ಲ" ಅಂದರೆ ಕಾರಣ ಕೆದಕಬೇಡಿ. ಈ ಪತ್ರಿಕೆಗೆ ಯಾವ ಪುಸ್ತಕ ಓದಲಿ ಅಂತ ಮಾತ್ರ ಕೇಳಿ. ಅದಕ್ಕೆ ಬಹಳ ಜನ ಸಂತೋಷದಿಂದ ಉತ್ತರ ಕೊಡುತ್ತಾರೆ. "ಒಂದೆರಡು ದಿನ ಬಂದು ನೋಡಿ" ಅಂದರೆ ಅದು ಎರಡು ದಿನದ ಅನುಮತಿ. ಎರಡನೇ ದಿನ ತರಗತಿ ಮುಗಿದ ಮೇಲೆ ನಿಂತು, ಮುಂದುವರಿಸಲಾ ಅಂತ ಕೇಳಿಯೇ ಮೂರನೇ ದಿನ ಹೋಗಿ.

ನಡುವೆ ಬಿಡಬೇಕಾಗಿ ಬಂದರೆ ಹೇಳಿ ಬಿಡಿ. ನನಗೆ ಕೊನೆಯ ಎರಡು ವಾರ ಮಕ್ಕಳ ಪರೀಕ್ಷೆ ಬಂದು ಬೆಳಿಗ್ಗೆಯೂ ಟ್ಯೂಷನ್ ಹೇಳಬೇಕಾಯಿತು. ಮೇಡಂಗೆ ಹೀಗೆ ಕಳಿಸಿದೆ: "ಮೇಡಂ, ಸೋಮವಾರದಿಂದ ಬರಲು ಆಗುವುದಿಲ್ಲ. ಎರಡನೇ ಅಸೈನ್‌ಮೆಂಟ್ ಬರೆದು ಮುಗಿಸಿದ್ದೇನೆ. ಕೊನೆಯ ಘಟಕ ತಾವು ಹೇಳಿದ ಪುಸ್ತಕದಿಂದ ಓದಿಕೊಳ್ಳುತ್ತೇನೆ. ಇಷ್ಟು ದಿನ ಕೂರಿಸಿಕೊಂಡಿದ್ದಕ್ಕೆ ವಂದನೆ." ಸಂಜೆ ಅವರಿಂದ ಉತ್ತರ ಬಂತು. ಬರುವ ಅಮಾವಾಸ್ಯೆ ಭಾನುವಾರ ಬಂದಿದೆ, ವಿದ್ಯಾರ್ಥಿಗಳ ಜೊತೆ ದಂಡೆಗೆ ಹೋಗುತ್ತಿದ್ದೇವೆ, ಬಿಡುವಿದ್ದರೆ ಬನ್ನಿ ಅಂತ.